ಬಿಳಿಹಲಗೆಯ ಛಾಯಾಚಿತ್ರದಿಂದ ಸಭಾ ಟಿಪ್ಪಣಿ

ಸಭೆಯಲ್ಲಿ ಚರ್ಚೆಗೆ ಬಂದ ಅಂಶಗಳನ್ನು ಬಿಳಿಹಲಗೆಯ ಮೇಲೆ ಬರೆದು, ಸಭೆ ಮುಗಿದೊಡನೆ ಮೊಬೈಲಿನಲ್ಲಿ ಅದರ ಛಾಯಾಚಿತ್ರ ತೆಗೆದು, ಹಲಗೆಯನ್ನು ಒರೆಸಿಬಿಡುವುದು ಈಗ ನಮ್ಮ ಶಾಲೆಗಳಲ್ಲಿ ರೂಢಿಯಾಗಿದೆ. ಮರುದಿನ ವರದಿ ಬರೆಯುವವರ ಕೈಯಲ್ಲಿ ಉಳಿಯುವುದು ಆ ಚಿತ್ರವೊಂದೇ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಡೆದ ಎಸ್.ಆರ್.ಜಿ. ಸಭೆಯ ವರದಿಯನ್ನು ನಾನು ಹೀಗೆಯೇ ಬರೆದೆ. ಅದರಲ್ಲಿ ಎರಡು ತಪ್ಪುಗಳು ಉಳಿದವು. ಐದನೇ ತರಗತಿಗೆ ಆರು ಪಠ್ಯಪುಸ್ತಕಗಳು ಬೇಕಾಗಿದ್ದಾಗ ಮೂರು ಎಂದು ಬರೆದೆ. ಮಲಯಾಳದ ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ತರುವ ಕೆಲಸವನ್ನು ಮಲಯಾಳ ಓದಲು ಬಾರದ ಅಧ್ಯಾಪಕರ ಹೆಸರಿಗೆ ಹಚ್ಚಿದೆ. ಎರಡನೆಯ ತಪ್ಪು ಎರಡೇ ದಿನಗಳಲ್ಲಿ ಬಯಲಾಯಿತು. ಮೊದಲನೆಯದು ಮೂರು ಪುಸ್ತಕಗಳು ಬಂದಿಳಿದ ದಿನ ಗೊತ್ತಾಯಿತು. ಅಷ್ಟರಲ್ಲಿ ಮೊದಲ ಪಾಠ ಮುಗಿದಿತ್ತು. ಆ ಚಿತ್ರವನ್ನೇ ಮತ್ತೆ ಮುಂದಿಟ್ಟುಕೊಂಡು, ಅದನ್ನು ಹೇಗೆ ಓದಬೇಕಾಗಿತ್ತು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಚಿತ್ರದಲ್ಲಿ ಎರಡು ಕಡೆ ಬೆಳಕು ಹೊಡೆದಿತ್ತು. ಟ್ಯೂಬ್‌ಲೈಟಿನ ಪ್ರತಿಬಿಂಬವು ಅಡ್ಡಪಟ್ಟಿಯಾಗಿ ಒಂದನೆಯ ಮತ್ತು ಎರಡನೆಯ ಸಾಲುಗಳ ನಡುವೆ ಬಿದ್ದು, ಮೇಲಿನ ಸಾಲಿನ ಕೊನೆಯ ಅಂಕಿಯ ಕೆಳಭಾಗವನ್ನೂ ಕೆಳಗಿನ ಸಾಲಿನ ಪದವೊಂದರ ಮೇಲ್ಭಾಗವನ್ನೂ ನುಂಗಿತ್ತು. ಬಲಬದಿಯಲ್ಲಿ ಕಿಟಕಿಯ ಬೆಳಕು ದೊಡ್ಡದೊಂದು ಮಚ್ಚೆಯಾಗಿ, ಎರಡು ಬಾಣಗಳು ಹಾದುಹೋಗುವ ಜಾಗವನ್ನೇ ಮುಚ್ಚಿತ್ತು.

ಬಿಳಿಹಲಗೆಯ ಮೈ ನಯವಾದುದರಿಂದ ಅದು ಒಂದಿಷ್ಟು ಕನ್ನಡಿಯಂತೆ ವರ್ತಿಸುತ್ತದೆ. ದೀಪದಿಂದ ಬಂದ ಬೆಳಕು ಬಿದ್ದ ಕೋನದಲ್ಲಿಯೇ ಹಿಂದಿರುಗಿ ಕ್ಯಾಮರಾವನ್ನು ಸೇರುವ ಜಾಗದಲ್ಲಿ ಮಾತ್ರ ಮಚ್ಚೆ ಕಾಣುತ್ತದೆ. ನಾವು ಸರಿದರೆ ಆ ಮಚ್ಚೆಯೂ ನಾವು ಸರಿದ ಕಡೆಗೇ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ಚಿತ್ರ ತೆಗೆದರೆ ಒಂದರಲ್ಲಿ ಮರೆಯಾದುದು ಸಾಮಾನ್ಯವಾಗಿ ಇನ್ನೊಂದರಲ್ಲಿ ದೊರೆಯುತ್ತದೆ. ಆದರೆ ಹಲಗೆಗೆ ಸಮಾನಾಂತರವಾಗಿ ತೂಗುವ ಟ್ಯೂಬ್‌ಲೈಟಿನ ವಿಷಯ ಬೇರೆ. ನಾವು ಅಕ್ಕಪಕ್ಕಕ್ಕೆ ಎಷ್ಟು ಸರಿದರೂ ಅದರ ಪಟ್ಟಿ ತನ್ನ ಉದ್ದಕ್ಕೇ ಜಾರುವುದಲ್ಲದೆ ಸಾಲನ್ನು ಬಿಟ್ಟು ಹೋಗುವುದಿಲ್ಲ. ಅಲ್ಲಿ ಮೊಬೈಲನ್ನು ಮೇಲೆತ್ತಬೇಕು ಅಥವಾ ಕೆಳಗಿಳಿಸಬೇಕು. ಎಲ್ಲಕ್ಕಿಂತ ಸುಲಭವೆಂದರೆ ದೀಪವನ್ನೇ ಆರಿಸುವುದು. ಮೊಬೈಲಿನ ಫ್ಲ್ಯಾಷ್ ಹತ್ತಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಚಿತ್ರವೊಂದೇ ಉಳಿದು ಹಲಗೆ ಖಾಲಿಯಾದ ಮೇಲೆ ಏನು ಮಾಡಬಹುದು? ಮೊದಲು ಮೂಲ ಚಿತ್ರವನ್ನೇ ಪಡೆಯಬೇಕು. ವಾಟ್ಸಾಪ್ ಗುಂಪಿನಲ್ಲಿ ಚಿತ್ರವಾಗಿ ಹಂಚಿಕೊಂಡದ್ದು ಸಾಮಾನ್ಯವಾಗಿ ಕುಗ್ಗಿ ಬರುತ್ತದೆ, ತೆಳ್ಳನೆಯ ಗೆರೆಗಳು ಅದರಲ್ಲಿ ಕದಡಿಹೋಗುತ್ತವೆ. ತೆಗೆದವರಿಂದ ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿಕೊಳ್ಳಬೇಕು. ಮೊಬೈಲಿನ ಸ್ಕ್ಯಾನ್ ಸೌಲಭ್ಯವು ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಭರದಲ್ಲಿ ಒಣಗಿದ ಮಾರ್ಕರಿನ ಮಸುಕು ಗೆರೆಗಳನ್ನೂ ಅಳಿಸಿಬಿಡಬಹುದು. ಆದುದರಿಂದ ಅದನ್ನು ಬಳಸಿದರೂ ಮೂಲವನ್ನು ಕಳೆಯಬಾರದು. ಬಳಿಕ ಚಿತ್ರದ ಪ್ರಕಾಶವನ್ನು ತಗ್ಗಿಸಿ ನೋಡಬೇಕು. ಮಚ್ಚೆಯ ಅಂಚಿನಲ್ಲಿ ಬೂದುಬಣ್ಣದ ಗೆರೆಗಳು ಮೂಡಿಬಂದರೆ ಅಲ್ಲಿ ಮಾಹಿತಿ ಉಳಿದಿದೆ. ಮಚ್ಚೆಯೆಲ್ಲವೂ ಒಂದೇ ಸಮನಾಗಿ ಬೂದುಬಣ್ಣಕ್ಕೆ ತಿರುಗಿದರೆ ಅಲ್ಲಿ ಏನೂ ಉಳಿದಿಲ್ಲ. ಎಷ್ಟು ತಿದ್ದಿದರೂ ಇಲ್ಲದ ಅಕ್ಷರ ಹುಟ್ಟದು. ಬೆಳಕಿನಿಂದ ಮರೆಯಾದುದನ್ನೂ ಕೈಯಿಂದ ಒರೆಸಿದುದನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ಒರೆಸಿದಲ್ಲಿ ಶಾಯಿ ಎಳೆದ ಕಲೆ ಉಳಿಯುತ್ತದೆ, ಬೆಳಕು ಹೊಡೆದಲ್ಲಿ ಗೆರೆಯು ಮೆಲ್ಲಮೆಲ್ಲನೆ ತೆಳುವಾಗಿ ಮಾಯವಾಗಿ ಆಚೆ ಬದಿಯಲ್ಲಿ ಮತ್ತೆ ಹೊರಬರುತ್ತದೆ. ಒರೆಸಿದ ಅಂಶವು ಸಭೆಯೇ ಕೈಬಿಟ್ಟ ಅಂಶವಾಗಿರಬಹುದಾದುದರಿಂದ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಇಷ್ಟಾದ ಮೇಲೆ ನೇರವಾಗಿ ವರದಿ ಬರೆಯಲು ತೊಡಗಿದ್ದೇ ನನ್ನ ತಪ್ಪು. ಮೊದಲು ಹಲಗೆಯಲ್ಲಿ ಇದ್ದುದನ್ನು ಇದ್ದಂತೆಯೇ, ಸಾಲಿಗೆ ಸಾಲಾಗಿ, ಒಂದು ಕಾಗದದ ಮೇಲೆ ಇಳಿಸಿಕೊಳ್ಳಬೇಕಾಗಿತ್ತು. ಒಡೆದ ಶಾಸನಗಳ ಪಾಠವನ್ನು ಮುದ್ರಿಸುವಾಗ ಓದಲಾಗದ ಜಾಗಕ್ಕೆ ಚುಕ್ಕಿಗಳನ್ನೂ, ಊಹಿಸಿ ತುಂಬಿದ ಅಕ್ಷರಗಳಿಗೆ ಕಂಸಗಳನ್ನೂ ಬಳಸುವ ಪದ್ಧತಿ ನಮಗೆ ಪರಿಚಿತವಾದುದೇ. ಅದನ್ನೇ ಇಲ್ಲಿ ಅನುಸರಿಸಿದರೆ ಸಾಕು. ಕಂಡದ್ದು ಯಾವುದು, ನಾವು ತುಂಬಿದ್ದು ಯಾವುದು ಎಂಬುದು ಆ ಕಾಗದದಲ್ಲಿ ಬೇರೆಬೇರೆಯಾಗಿ ಉಳಿಯುತ್ತದೆ.

ಎರಡನೆಯ ಸಾಲನ್ನು ಮೊದಲು ನೋಡೋಣ. "ಪರಿ" ಎಂಬುದರ ಬಳಿಕ ಪಟ್ಟಿಯು ಪದದ ಮೇಲ್ಭಾಗವನ್ನು ಮುಚ್ಚಿತ್ತು, ಆಮೇಲೆ "ತರಗತಿ, ಶನಿ, ೨ ಗಂ." ಎಂದು ಸ್ಪಷ್ಟವಾಗಿತ್ತು. ಪರೀಕ್ಷೆ, ಪರಿಶೀಲನೆ, ಪರಿಹಾರ, ಪರಿಸರ ಎಂಬ ನಾಲ್ಕು ಪದಗಳು ನನ್ನ ಮನಸ್ಸಿಗೆ ಬಂದವು. ರಿಕಾರದ ಮುಂದೆ ದೀರ್ಘದ ಗುರುತು ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಆದರೆ ಕನ್ನಡ ಬರಹದಲ್ಲಿ ಒಂದು ಅನುಕೂಲವಿದೆ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. "ಪರೀಕ್ಷೆ" ಎಂದಿದ್ದರೆ ಕ್ಷಕಾರದ ಒತ್ತು ಪಟ್ಟಿಯ ಕೆಳಗೆ ಕಾಣಬೇಕಾಗಿತ್ತು. ಅಲ್ಲಿ ಏನೂ ಇರಲಿಲ್ಲ. ಪದದ ಕೊನೆಯಲ್ಲಿ ಕಂಡದ್ದು ಒಂದೇ ದುಂಡು ಸುತ್ತಿನ ತಳ. ಅದು ರಕಾರಕ್ಕೆ ಹೊಂದುತ್ತದೆ, ಬಾಲವುಳ್ಳ ನಕಾರಕ್ಕೆ ಹೊಂದುವುದಿಲ್ಲ. ಹೀಗೆ ಪರಿಶೀಲನೆಯೂ ಹೋಗಿ ಪರಿಹಾರ, ಪರಿಸರ ಎರಡೇ ಉಳಿದವು. ಅವುಗಳಲ್ಲಿ ನಡುವಿನ ಅಕ್ಷರ ಮಾತ್ರ ಬೇರೆ. ಅದೇ ಹಲಗೆಯಲ್ಲಿ, ಅದೇ ಕೈಯಲ್ಲಿ "ಹಾಜರಿ" ಎಂದೂ "ಸಭೆ" ಎಂದೂ ಬರೆದಿತ್ತು. ಕಾಗದದ ಅಂಚಿನ ಮೇಲೆ ಆ "ಹಾ" ಮತ್ತು "ಸ" ಅಕ್ಷರಗಳ ಅಗಲವನ್ನು ಗುರುತು ಮಾಡಿಕೊಂಡು ಮರೆಯಾದ ಜಾಗಕ್ಕೆ ಹಿಡಿದಾಗ "ಹಾ" ಸರಿಯಾಗಿ ಕೂತಿತು, "ಸ" ಎಂಬುದಕ್ಕೆ ಜಾಗ ಹೆಚ್ಚಾಯಿತು. ಆದ್ದರಿಂದ ಪ್ರತಿಯಲ್ಲಿ "ಪರಿ[ಹಾ]ರ ತರಗತಿ" ಎಂದು ಬರೆಯಬಹುದು. ಸಂದರ್ಭವೂ ಅದಕ್ಕೆ ಒಪ್ಪುತ್ತದೆ. ಆದರೆ ಸಂದರ್ಭವನ್ನು ಕೊನೆಯಲ್ಲಿ ಕೇಳಬೇಕೇ ಹೊರತು ಮೊದಲಲ್ಲ. ಮೊದಲೇ ಕೇಳಿದರೆ ಕಣ್ಣಿಗೆ ಬೇಕಾದ ಅಕ್ಷರವೇ ಕಾಣತೊಡಗುತ್ತದೆ.

ಅದೇ ಸಾಲಿನ "೨ ಗಂ." ಸ್ಪಷ್ಟವಾಗಿ ಓದಲು ಬರುತ್ತಿದ್ದರೂ ಅದರ ಅರ್ಥ ಸ್ಪಷ್ಟವಾಗಿಲ್ಲ. ಎರಡು ಗಂಟೆಗೆ ಎಂದೋ, ಎರಡು ಗಂಟೆಯ ಕಾಲ ಎಂದೋ? ಇದನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ಸೇರಿಸಬೇಕು.

ಇನ್ನು ಅಂಕಿಯ ಮಾತು. ಮೊದಲನೆಯ ಸಾಲು "ಪಠ್ಯಪುಸ್ತಕ, ೫ನೇ ತ., ಕೊರತೆ" ಎಂದು ಆರಂಭವಾಗಿ, ತಳ ಕಾಣದ ಒಂದು ಅಂಕಿಯಲ್ಲಿ ಮುಗಿದಿತ್ತು. ಕನ್ನಡದ ೩ ಮತ್ತು ೬ ಮೇಲ್ಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಆಗಿವೆ. ಅವುಗಳನ್ನು ಬೇರ್ಪಡಿಸುವ ಬಾಲವಿರುವುದು ಕೆಳಗೆ. ಕಂಡಷ್ಟು ಭಾಗ ೩ರಂತೆ ತೋರಿತು, ನಾನು 3 ಎಂದು ಬರೆದೆ. ಪದವಾಗಿದ್ದರೆ ಅಕ್ಕಪಕ್ಕದ ಅಕ್ಷರಗಳು ತಪ್ಪನ್ನು ತಡೆಯುತ್ತಿದ್ದವು. ಅಂಕಿಗೆ ಆ ರಕ್ಷಣೆಯಿಲ್ಲ, ೩ ಕೂಡ ಸರಿಯೆನಿಸುತ್ತದೆ, ೬ ಕೂಡ ಸರಿಯೆನಿಸುತ್ತದೆ. ಅರೆಕಾಣುವ ಅಂಕಿಯನ್ನು ಚಿತ್ರದಿಂದ ನಿರ್ಣಯಿಸಲೇಬಾರದು. ಅದನ್ನು ಬೇರೊಂದು ದಾಖಲೆಯಿಂದ ಲೆಕ್ಕಹಾಕಿ ತೆಗೆಯಬೇಕು. ಹಾಜರಿ ಪುಸ್ತಕದಲ್ಲಿ ಆ ತರಗತಿಗೆ 31 ಮಕ್ಕಳಿದ್ದರು. ಪುಸ್ತಕ ವಿತರಣೆಯ ವಹಿಯಲ್ಲಿ 25 ಪ್ರತಿಗಳು ಬಂದಿದ್ದವು. ಕೊರತೆ 6. ಎರಡು ವಹಿಗಳನ್ನು ತೆರೆದು ನೋಡಲು ಐದು ನಿಮಿಷ ಸಾಕಾಗಿತ್ತು.

ಬಾಣಗಳ ವಿಷಯಕ್ಕೆ ಬಂದರೆ, ಹಲಗೆಯ ಮೇಲೆ ಬಾಣಕ್ಕೆ ಒಂದೇ ಅರ್ಥವಿಲ್ಲ. ಕೆಲಸದಿಂದ ಹೆಸರಿಗೆ ಹೋದರೆ ಹೊಣೆ; ಕೆಲಸದಿಂದ ಕೆಲಸಕ್ಕೆ ಹೋದರೆ ಮೊದಲು ಇದು, ಆಮೇಲೆ ಅದು ಎಂಬ ಕ್ರಮ; ಬರೆದದ್ದನ್ನು ಬೇರೆ ಕಡೆಗೆ ಸಾಗಿಸಲು ಹಾಕಿದ ಗೆರೆಗೂ ತುದಿಯಲ್ಲಿ ಬಾಣವಿರುತ್ತದೆ. ನಮ್ಮ ಹಲಗೆಯ ಎಡಗಡೆ "ಪ್ರ.ಪ. ಅನುವಾದ", ಅದರ ಕೆಳಗೆ "ಬೆರಳಚ್ಚು" ಎಂದಿತ್ತು. ಬಲಗಡೆ ಮೇಲೆ "ಸು.", ಕೆಳಗೆ "ರಾ." ಎಂಬ ಹೆಸರಿನ ಮೊದಲಕ್ಷರಗಳಿದ್ದವು. ಎಡದಿಂದ ಎರಡು ಗೆರೆಗಳು ಕಿಟಕಿಯ ಮಚ್ಚೆಯೊಳಗೆ ಹೋಗಿ ಬಲದಲ್ಲಿ ಎರಡಾಗಿ ಹೊರಬಂದಿದ್ದವು. ಒಳಗೆ ಅವು ಒಂದನ್ನೊಂದು ದಾಟಿದವೋ ಇಲ್ಲವೋ ತಿಳಿಯದು. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಎಂದು ನಾನು ಓದಿದೆ, ಏಕೆಂದರೆ ಅದು ನೇರ್ಪಾಗಿ ಕಾಣುತ್ತಿತ್ತು.

ಗೆರೆಗಳನ್ನೇ ಗಮನಿಸಿದ್ದರೆ ಬೇರೆ ಉತ್ತರ ದೊರೆಯುತ್ತಿತ್ತು. ಅನುವಾದದಿಂದ ಹೊರಟ ಗೆರೆ ಮಚ್ಚೆಯನ್ನು ಸೇರುವಾಗ ಕೆಳಮುಖವಾಗಿತ್ತು, "ರಾ." ಕಡೆಗೆ ಹೊರಬಂದ ಗೆರೆಯೂ ಅದೇ ಓಟದಲ್ಲಿ ಕೆಳಮುಖವಾಗಿತ್ತು. ಚಿತ್ರದ ಮೇಲೆ ಅಡಿಕೋಲನ್ನಿಟ್ಟಾಗ ಎರಡೂ ತುಂಡುಗಳು ಒಂದೇ ಗೆರೆಯ ಮೇಲೆ ಬಂದವು. ಇನ್ನೊಂದು ಜೋಡಿ ಮೇಲ್ಮುಖವಾಗಿ ಹಾಗೆಯೇ ಕೂಡಿತು. ನಾನು ಓದಿದಂತೆ ಇರಬೇಕಾದರೆ ಎರಡೂ ಗೆರೆಗಳು ಮಚ್ಚೆಯೊಳಗೆ ಬಾಗಿ ಹಿಂದಕ್ಕೆ ತಿರುಗಿರಬೇಕಾಗಿತ್ತು. ಅವಸರದಲ್ಲಿ ಗೆರೆ ಎಳೆಯುವವರು ಹಾಗೆ ಮಾಡುವುದು ಅಪರೂಪ. ಇಷ್ಟಾದರೂ ಇದು ಸಾಕ್ಷ್ಯವಷ್ಟೇ, ನಿರ್ಣಯವಲ್ಲ. ಯಾರ ಹೆಸರಿಗೆ ಯಾವ ಕೆಲಸ ಎಂಬುದನ್ನು ಗೆರೆ ಎಳೆದವರಿಂದಲೇ ತಿಳಿಯಬೇಕು.

ಕೇಳುವ ರೀತಿಯೂ ಮುಖ್ಯ. "ಅನುವಾದ ಸು. ಟೀಚರಿಗೆ ಅಲ್ಲವೇ?" ಎಂದು ನಾನು ಆಗಲೇ ಮುಖ್ಯೋಪಾಧ್ಯಾಯರನ್ನು ದಾರಿಯಲ್ಲಿ ಕೇಳಿದ್ದೆ. ಅವರು ಫೈಲಿನಿಂದ ತಲೆಯೆತ್ತದೆ "ಹೌದು ಮಾಷ್ಟ್ರೇ" ಎಂದಿದ್ದರು. ಉತ್ತರವನ್ನು ನಾವೇ ಕೊಟ್ಟು ಕೇಳಿದ ಪ್ರಶ್ನೆಗೆ ಒಪ್ಪಿಗೆ ಸುಲಭವಾಗಿ ದೊರೆಯುತ್ತದೆ. "ಅನುವಾದವನ್ನು ಯಾರು ಮಾಡುವುದೆಂದು ನಿಶ್ಚಯವಾಯಿತು?" ಎಂದು ಬಿಡಿಯಾಗಿ ಕೇಳಿದ್ದರೆ ಅವರು ಒಂದು ಕ್ಷಣ ನೆನಪು ಮಾಡಿಕೊಂಡು ಹೇಳಬೇಕಾಗುತ್ತಿತ್ತು. ಎಲ್ಲ ಸಂದೇಹಗಳನ್ನೂ ಕೂಡಿಸಿ, ಅದೇ ದಿನ ಅಥವಾ ಮರುದಿನ ಬೆಳಿಗ್ಗೆ, ಒಮ್ಮೆಗೇ ಕೇಳುವುದು ಒಳ್ಳೆಯದು. ನಮ್ಮ ಸಭೆಯ ಮಟ್ಟಿಗೆ ಮೂರೇ ಪ್ರಶ್ನೆಗಳಿದ್ದವು: ಕೊರತೆ ಎಷ್ಟು, ಎರಡು ಗಂಟೆ ಎಂದರೆ ಏನು, ಯಾವ ಕೆಲಸ ಯಾರಿಗೆ.

ಕೇಳುವ ಮೊದಲು ಪ್ರತಿಯು ಹೀಗಿರಬೇಕಾಗಿತ್ತು:

ಪಠ್ಯಪುಸ್ತಕ, ೫ನೇ ತ., ಕೊರತೆ [೩ ಅಥವಾ ೬]
ಪರಿ[ಹಾ]ರ ತರಗತಿ, ಶನಿ, ೨ ಗಂ. (ಸಮಯವೋ ಅವಧಿಯೋ?)
ಪ್ರ.ಪ. ಅನುವಾದ: ಗೆರೆ, ನಡುವೆ ಕಾಣದು, ಬಹುಶಃ ರಾ.
ಬೆರಳಚ್ಚು: ಗೆರೆ, ನಡುವೆ ಕಾಣದು, ಬಹುಶಃ ಸು.

ಕೇಳಿ ತಿಳಿದ ಬಳಿಕ ಬರೆಯುವ ಟಿಪ್ಪಣಿಯಲ್ಲಿ ಕಂಸಗಳೂ ಸಂಕ್ಷೇಪಗಳೂ ಇರಬಾರದು: "ಐದನೇ ತರಗತಿಗೆ ಕೊರತೆಯಿರುವ 6 ಪಠ್ಯಪುಸ್ತಕಗಳಿಗೆ ಬೇಡಿಕೆ ಸಲ್ಲಿಸುವುದು. ಪರಿಹಾರ ತರಗತಿಯನ್ನು ಶನಿವಾರ ಅಪರಾಹ್ನ 2 ಗಂಟೆಗೆ ಆರಂಭಿಸುವುದು." ಹೊಣೆ ಹೊತ್ತವರ ಹೆಸರನ್ನು ಪೂರ್ಣವಾಗಿ ಬರೆಯಬೇಕು. ಕೇಳಿದರೂ ಯಾರಿಗೂ ನೆನಪಿಲ್ಲದ ಅಂಶವಿದ್ದರೆ "ಹಲಗೆಯ ಬರಹ ಸ್ಪಷ್ಟವಿಲ್ಲ, ಮುಂದಿನ ಸಭೆಯಲ್ಲಿ ನಿಶ್ಚಯಿಸುವುದು" ಎಂದು ಬರೆದು ಬಿಡುವುದೇ ಸರಿ.

ನನ್ನ ವರದಿಯಲ್ಲಿ ಆಗಲೇ ಎಲ್ಲರ ಸಹಿ ಬಿದ್ದಿದ್ದುದರಿಂದ ಅಂಕಿಯನ್ನು ತಿದ್ದಿ ಬರೆಯುವಂತಿರಲಿಲ್ಲ. ಮುಂದಿನ ಸಭೆಯ ಮೊದಲ ಅಂಶವಾಗಿ "ಕಳೆದ ವರದಿಯಲ್ಲಿ 3 ಎಂದಿರುವುದನ್ನು 6 ಎಂದೂ, ಅನುವಾದ ಮತ್ತು ಬೆರಳಚ್ಚಿನ ಹೊಣೆಗಳನ್ನು ಅದಲುಬದಲಾಗಿಯೂ ಓದಿಕೊಳ್ಳತಕ್ಕದ್ದು" ಎಂದು ಬರೆಸಿದೆವು. ಉಳಿದ ಮೂರು ಪುಸ್ತಕಗಳಿಗೆ ಎರಡನೆಯ ಬೇಡಿಕೆಪತ್ರ ಅದೇ ದಿನ ಹೋಯಿತು.