ಅಗ್ಗವಾಗಿ ಕಾಣುವ ಷೇರು

ಪ್ರಶ್ನೆ: ಒಂದು ಸಣ್ಣ ಕಂಪನಿಯ ಷೇರು 120 ರೂಪಾಯಿಗೆ ಸಿಗುತ್ತಿದೆ. ಮುಂದಿನ ವರ್ಷ ಷೇರೊಂದಕ್ಕೆ 10 ರೂಪಾಯಿ ನಗದು ಉಳಿಯಬಹುದು, ಅದು ವರ್ಷಕ್ಕೆ ಶೇ 6ರಂತೆ ಬೆಳೆಯಬಹುದು, ನನಗೆ ಶೇ 12 ಪ್ರತಿಫಲ ಬೇಕು ಎಂದು ಹಿಡಿದು ಲೆಕ್ಕ ಹಾಕಿದರೆ ಅದರ ನಿಜಬೆಲೆ 167 ಬರುತ್ತದೆ. ಇಷ್ಟು ‘ಮಾರ್ಜಿನ್ ಆಫ್ ಸೇಫ್ಟಿ’ ಸಾಕಲ್ಲವೇ? ನಿವೃತ್ತಿಯ ಹಣದಲ್ಲಿ 4 ಲಕ್ಷ ಹಾಕಬಹುದೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. 12ರಲ್ಲಿ 6 ಕಳೆದು, ಉಳಿದ ಶೇ 6ರಿಂದ 10 ರೂಪಾಯಿಯನ್ನು ಭಾಗಿಸಿದರೆ 167 ಬರುತ್ತದೆ. ಆದರೆ ಬೆಳವಣಿಗೆಯನ್ನು ಶೇ 4 ಎಂದು ಹಿಡಿದು ನೋಡಿ: ನಿಜಬೆಲೆ 125ಕ್ಕೆ ಇಳಿಯುತ್ತದೆ. ಜತೆಗೆ ಸಣ್ಣ ಕಂಪನಿಯ ಅಪಾಯಕ್ಕೆಂದು ಶೇ 13 ಪ್ರತಿಫಲ ಕೇಳಿದರೆ 111. ನೀವು ಲಾಭವೆಂದುಕೊಂಡ 47 ರೂಪಾಯಿ ಹೋಗಿ, 9 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಬೆಳವಣಿಗೆ ನಾಲ್ಕೋ ಆರೋ ಎಂಬುದನ್ನು ಆ ಕಂಪನಿಯ ಮಾಲೀಕರೂ ಖಚಿತವಾಗಿ ಹೇಳಲಾರರು. ಹಾಗಾಗಿ ಅಂತರವನ್ನು 167ರಿಂದಲ್ಲ, 111ರಿಂದ ಕೆಳಕ್ಕೆ ಅಳೆಯಿರಿ.

‘ಮಾರ್ಜಿನ್ ಆಫ್ ಸೇಫ್ಟಿ’ ತತ್ತ್ವವನ್ನು ಪ್ರಸಿದ್ಧಗೊಳಿಸಿದ ಬೆಂಜಮಿನ್ ಗ್ರಹಾಂ ಭವಿಷ್ಯದ ಊಹೆಯನ್ನು ಆದಷ್ಟು ದೂರವಿಟ್ಟರು. ನಗದು, ದಾಸ್ತಾನು, ಬರಬೇಕಾದ ಬಾಕಿ ಇವಿಷ್ಟನ್ನೇ ಕೂಡಿಸಿ, ಎಲ್ಲ ಸಾಲ ಕಳೆದು, ಉಳಿದುದರ ಮೂರನೇ ಎರಡು ಭಾಗಕ್ಕೆ ಷೇರು ಸಿಕ್ಕರೆ ಕೊಳ್ಳುವುದು ಅವರ ಒಂದು ವಿಧಾನ. ಅದೂ ಒಂದೇ ಕಂಪನಿಯಲ್ಲಲ್ಲ, ಹತ್ತಾರು ಕಂಪನಿಗಳಲ್ಲಿ. ಕೆಲವು ಮುಳುಗುತ್ತವೆ ಎಂದು ಮೊದಲೇ ಒಪ್ಪಿಕೊಂಡ ವ್ಯವಹಾರ ಅದು.

ಅವರ ಶಿಷ್ಯ ವಾರನ್ ಬಫೆಟ್ 1962ರಲ್ಲಿ ಬರ್ಕ್‌ಷೈರ್ ಹ್ಯಾಥವೇ ಎಂಬ ಬಟ್ಟೆ ಗಿರಣಿಯ ಷೇರನ್ನು ಏಳೂವರೆ ಡಾಲರ್‌ಗೆ ಕೊಳ್ಳತೊಡಗಿದರು. ಆಗ ಷೇರೊಂದರ ಹಿಂದೆ ದುಡಿಯುವ ಬಂಡವಾಳವೇ ಹತ್ತು ಡಾಲರ್‌ಗೂ ಹೆಚ್ಚಿತ್ತು. ಕಾಗದದ ಮೇಲೆ ಅಗ್ಗವೇ. ಆದರೆ ಗಿರಣಿ ದಣಿದಿತ್ತು, ಹಣ ನುಂಗುತ್ತಲೇ ಹೋಯಿತು. 1985ರಲ್ಲಿ ಬಟ್ಟೆ ವ್ಯವಹಾರವನ್ನೇ ಮುಚ್ಚಬೇಕಾಯಿತು. ಬಫೆಟ್ ಬಚಾವಾದದ್ದು ಕಂಪನಿಯ ಹಿಡಿತ ಕೈಯಲ್ಲಿದ್ದುದರಿಂದ: 1967ರಲ್ಲೇ ಅದರ ಹಣದಿಂದ ವಿಮಾ ಕಂಪನಿ ಕೊಂಡರು. ನಿಮ್ಮ ಮೂರು ಸಾವಿರ ಚಿಲ್ಲರೆ ಷೇರಿನಿಂದ ಪ್ರವರ್ತಕರಿಗೆ ‘ಲಾಭಾಂಶ ಕೊಡಿ’ ಎಂದು ಒತ್ತಾಯಿಸಲೂ ಆಗದು. ಕಂಪನಿಯ ಬೀರುವಿನಲ್ಲಿ ಹಣವಿದ್ದರೂ ಬೀಗದ ಕೈ ಬೇರೆಯವರದು.

ಆದ್ದರಿಂದ ಕೊಳ್ಳುವ ಮುನ್ನ ಐದು ವರ್ಷದ ವಾರ್ಷಿಕ ವರದಿ ತೆರೆದು, ನಿವ್ವಳ ಲಾಭದ ಪಕ್ಕದಲ್ಲಿ ‘ಕಾರ್ಯಾಚರಣೆಯಿಂದ ಬಂದ ನಗದು’ ಬರೆದುಕೊಳ್ಳಿ. ಲಾಭ ಏರುತ್ತ ನಗದು ಬಾರದಿದ್ದರೆ, ಗ್ರಾಹಕರ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ, ನಿಮ್ಮ ಆ 10 ರೂಪಾಯಿಯೇ ಅನುಮಾನ. ಪ್ರವರ್ತಕರು ಷೇರು ಒತ್ತೆಯಿಟ್ಟಿದ್ದಾರೆಯೇ, ಅವರದೇ ಬೇರೆ ಕಂಪನಿಗಳಿಗೆ ಸಾಲ ಹೋಗಿದೆಯೇ ಎಂಬುದನ್ನೂ ನೋಡಿ. ದಿನಕ್ಕೆ ಎಷ್ಟು ಷೇರು ಕೈಬದಲಾಗುತ್ತವೆ ಎಂಬುದೂ ಮುಖ್ಯ. ಕೆಲವೇ ನೂರಾದರೆ ಅವಸರಕ್ಕೆ ಮಾರಲು ಹೋದಾಗ ನಿಮ್ಮ ಮಾರಾಟವೇ ಬೆಲೆ ಕೆಡವುತ್ತದೆ.

4 ಲಕ್ಷವನ್ನು ಒಂದೇ ಷೇರಿಗೆ ಹಾಕಬೇಡಿ. ನಿವೃತ್ತಿಯ ಹಣ ಎಂದಿದ್ದೀರಿ. ಹತ್ತು ವರ್ಷ ಬೇಡವಾದ ಭಾಗ ಇದ್ದರೆ ಅದನ್ನು ಇಂಡೆಕ್ಸ್ ಫಂಡ್‌ಗೆ ಹಾಕಿ. ಈ ಷೇರಿನ ಮೇಲೆ ಮನಸ್ಸಿದ್ದರೆ 20 ಸಾವಿರದಷ್ಟು ಕೊಳ್ಳಿ, ಅದೂ ಬೆಲೆ 80ರ ಆಸುಪಾಸಿಗೆ ಇಳಿದಾಗ.