ಬಹುಪದೋಕ್ತಿಯ ತಿರುವು ಬಿಂದುಗಳು: ಗರಿಷ್ಠ ಎಷ್ಟು, ನಿಜಕ್ಕೂ ಎಷ್ಟು?

ನಕ್ಷೆ ಏರುತ್ತಿದ್ದದ್ದು ಇಳಿಯತೊಡಗುವ, ಇಲ್ಲವೇ ಇಳಿಯುತ್ತಿದ್ದದ್ದು ಏರತೊಡಗುವ ಜಾಗವೇ ತಿರುವು ಬಿಂದು. ಘಾತ n ಆಗಿರುವ ಬಹುಪದೋಕ್ತಿಯ ನಿಷ್ಪನ್ನದ ಘಾತ n−1. ಅದಕ್ಕೆ n−1 ಕ್ಕಿಂತ ಹೆಚ್ಚು ವಾಸ್ತವ ಮೂಲಗಳಿರಲಾರವು, ಹಾಗಾಗಿ ತಿರುವುಗಳೂ ಅದನ್ನು ಮೀರುವುದಿಲ್ಲ. ಪ್ರಶ್ನೆಯಲ್ಲಿ ‘ಗರಿಷ್ಠ’ ಎಂಬ ಪದವಿದೆಯೇ ಎಂದು ಮೊದಲು ನೋಡಿ. ಅಂಕ ಹೋಗುವುದು ಹೆಚ್ಚಾಗಿ ಅಲ್ಲಿಯೇ.

f(x) = 3x⁴ − 4x³ ತೆಗೆದುಕೊಳ್ಳಿ. ಘಾತ 4, ಗರಿಷ್ಠ ಮೂರು ತಿರುವು. ನಿಷ್ಪನ್ನ ಹೀಗಿದೆ:

f′(x) = 12x³ − 12x² = 12x²(x − 1)

ಇದು ಸೊನ್ನೆಯಾಗುವುದು x = 0 ಮತ್ತು x = 1 ರಲ್ಲಿ. ಹಾಗಾದರೆ ಎರಡು ತಿರುವೇ? ಅವಸರ ಬೇಡ, ಚಿಹ್ನೆ ನೋಡೋಣ. x = −1 ಇಟ್ಟರೆ f′ = −24; x = 1/2 ಇಟ್ಟರೆ −1.5; x = 2 ಇಟ್ಟರೆ 48. ಸೊನ್ನೆಯ ಎರಡೂ ಬದಿಯಲ್ಲಿ ಚಿಹ್ನೆ ಋಣವೇ. ನಕ್ಷೆ ಅಲ್ಲಿ ಕ್ಷಣ ಸಮತಟ್ಟಾಗಿ ಮತ್ತೆ ಇಳಿಯುತ್ತದೆ, ತಿರುಗುವುದಿಲ್ಲ. x² ಎಂಬ ಜೋಡಿ ಮೂಲದ ಆಟವಿದು. x = 1 ರಲ್ಲಿ ಮಾತ್ರ ಚಿಹ್ನೆ ಋಣದಿಂದ ಧನಕ್ಕೆ ಬದಲಾಗುತ್ತದೆ; (1, −1) ಕನಿಷ್ಠ ಬಿಂದು. ಒಟ್ಟು ತಿರುವು ಒಂದೇ.

ಎರಡನೇ ನಿಷ್ಪನ್ನ 36x² − 24x. x = 1 ರಲ್ಲಿ ಅದು 12, ಧನ, ಆದ್ದರಿಂದ ಕನಿಷ್ಠ. x = 0 ಯಲ್ಲಿ ಸೊನ್ನೆ ಬರುವುದರಿಂದ ಏನೂ ಹೇಳದು; ಆಗ ಚಿಹ್ನೆಯ ಪರೀಕ್ಷೆಗೇ ಮರಳಬೇಕು.

ಆಯ್ಕೆ ತಳ್ಳಿಹಾಕಲು ಒಂದು ಉಪಾಯ: ತಿರುವುಗಳ ಸಂಖ್ಯೆ n−1 ಕ್ಕಿಂತ ಕಡಿಮೆಯಾದರೆ ಎರಡೆರಡಾಗಿಯೇ ಕಡಿಮೆಯಾಗುತ್ತದೆ. ನಾಲ್ಕನೇ ಘಾತಕ್ಕೆ 3 ಅಥವಾ 1. ಮೂರನೆಯದಕ್ಕೆ 2 ಅಥವಾ 0.