ತೆರೆಯದ ಬೀಗ: ಎಣ್ಣೆ ಎಲ್ಲಿಗೆ, ಗ್ರಾಫೈಟ್ ಯಾವಾಗ, ಗರಗಸ ಯಾವಾಗ

ಅಡಿಕೆಗೆ ಎರಡನೆಯ ಸಿಂಪರಣೆ ಮುಗಿಸಿ ಆಗಸ್ಟ್ ತಿಂಗಳಲ್ಲಿ ಬೀಗ ಹಾಕಿದ ಪಂಪು ಶೆಡ್ಡನ್ನು ನಮ್ಮಲ್ಲಿ ಅನೇಕರು ಮತ್ತೆ ತೆರೆಯುವುದು ತೋಟಕ್ಕೆ ನೀರು ಹಾಯಿಸುವ ಡಿಸೆಂಬರ್ ಹೊತ್ತಿಗೆ. ನಡುವಿನ ನಾಲ್ಕು ತಿಂಗಳು ಆ ಬೀಗವನ್ನು ಯಾರೂ ಮುಟ್ಟುವುದಿಲ್ಲ. ನೀರು ಬೇಕಾದ ದಿನ ಬೀಗ ತೆರೆಯದೆ ಹೋದರೆ ಅವಸರದಲ್ಲಿ ಬೀಗದ ಕೈ ಮುರಿಯುತ್ತದೆ, ಇಲ್ಲವೇ ಬಾಗಿಲ ಹಲಗೆಯೇ ಸೀಳುತ್ತದೆ. ಬೀಗಕ್ಕಿಂತ ಬಾಗಿಲ ರಿಪೇರಿಗೆ ಖರ್ಚು ಹೆಚ್ಚೆಂಬುದು ಆಮೇಲೆ ತಿಳಿಯುತ್ತದೆ.

ಮಳೆಯಿಂದ ತುಕ್ಕು ಬರುವುದು ಸರಿಯೇ. ಆದರೆ ನಮ್ಮ ಶೆಡ್ಡುಗಳ ಬೀಗಕ್ಕೆ ಇನ್ನೊಂದು ಶತ್ರುವೂ ಇದೆ, ಅದು ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ನಾವು ಕತ್ತಿಯನ್ನು ಅದ್ದುತ್ತೇವಷ್ಟೆ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿದೆ ಎಂದೇ ಅದರ ಅರ್ಥ. ಮೈಲುತುತ್ತದ ನೀರು ಮೆತ್ತಿದ ಕೈಯಲ್ಲೇ ಬೀಗ ಹಾಕಿದರೆ ಬೀಗದಲ್ಲಿಯೂ ಇದೇ ನಡೆಯುತ್ತದೆ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದುದರಿಂದ ಕೂದಲೆಳೆಯಷ್ಟೇ ಸಂದಿರುವ ಕಡೆಯೆಲ್ಲ ಬೆಣೆ ಹೊಡೆದಂತೆ ಬಿಗಿಯುತ್ತದೆ.

ಎಣ್ಣೆ ಹುಡುಕುವ ಮೊದಲು, ಬೀಗ ಎಲ್ಲಿ ಹಿಡಿದಿದೆ ಎಂದು ತಿಳಿದುಕೊಳ್ಳಬೇಕು. ಬೀಗದ ಕೈ ಪೂರ್ತಿ ಒಳಗೆ ಹೋಗದಿದ್ದರೆ ತೂತಿನಲ್ಲಿ ಏನೋ ಕಟ್ಟಿಕೊಂಡಿದೆ. ಹಲವು ಸಲ ಅದು ತುಕ್ಕೇ ಅಲ್ಲ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ಕೈ ಪೂರ್ತಿ ಹೋಗಿ ತಿರುಗದಿದ್ದರೆ ಒಳಗಿನ ಲಿವರುಗಳೋ ಅವುಗಳ ತೆಳುವಾದ ಸ್ಪ್ರಿಂಗುಗಳೋ ಅಂಟಿಕೊಂಡಿವೆ. ಕೈ ತಿರುಗಿಯೂ ಕೊಂಡಿ ಮೇಲೇಳದಿದ್ದರೆ, ಹಿಡಿದಿರುವುದು ಕೊಂಡಿಯ ಕಾಲು ಬೀಗದ ಮೈಯೊಳಗೆ ಇಳಿಯುವ ಜಾಗದಲ್ಲಿ. ಈ ಮೂರಕ್ಕೂ ಉಪಾಯ ಬೇರೆ ಬೇರೆ.

ತುಕ್ಕು ಬಿಡಿಸುವ ಎಣ್ಣೆ ಎಂದರೆ ಸಂದಿಯೊಳಗೆ ತಾನಾಗಿ ಹರಿದು ಹೋಗುವಷ್ಟು ತೆಳುವಾದ ಎಣ್ಣೆ. ಯಂತ್ರೋಪಕರಣಗಳ ಅಂಗಡಿಯಲ್ಲಿ ಇದು ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಎರಡು ಪಾಲು ಡೀಸೆಲಿಗೆ ಒಂದು ಪಾಲು ಹೊಲಿಗೆ ಯಂತ್ರದ ಎಣ್ಣೆ ಬೆರೆಸಿಕೊಂಡರೂ ಕೆಲಸ ನಡೆಯುತ್ತದೆ, ಆದರೆ ನಿಧಾನ. ಇಂಜಿನ್ ಆಯಿಲ್ ಮತ್ತು ಗ್ರೀಸು ದಪ್ಪವಾದ ಕಾರಣ ಒಳಗೆ ಇಳಿಯುವುದಿಲ್ಲ. ಮನೆಯಲ್ಲಿ ಸುಲಭವಾಗಿ ಕೈಗೆ ಸಿಗುವ ತೆಂಗಿನೆಣ್ಣೆಯನ್ನಂತೂ ಬೀಗಕ್ಕೆ ಹಾಕಲೇಬಾರದು. ಅದು ಚಳಿಗೆ ಗಟ್ಟಿಯಾಗುತ್ತದೆ, ಹಳೆಯದಾದರೆ ಅಂಟಾಗಿ ಧೂಳು ಹಿಡಿಯುತ್ತದೆ.

ಎಣ್ಣೆ ಬಿಡುವಾಗ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಬೀಗ ನೇತಾಡುವಾಗ ಅದರ ತೂತು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ. ಕೆಳಗಿನಿಂದ ಹೊಡೆದ ಎಣ್ಣೆ ಲಿವರಿಗೆ ಮುಟ್ಟುವ ಮೊದಲೇ ನೆಲಕ್ಕೆ ಸೋರುತ್ತದೆ. ಬೀಗವನ್ನು ಎತ್ತಿ, ತೂತು ಆದಷ್ಟು ಮೇಲ್ಮುಖವಾಗುವಂತೆ ಹಗ್ಗದಿಂದ ಚಿಲಕಕ್ಕೆ ಕಟ್ಟಿ ನಿಲ್ಲಿಸಿ ನಾಲ್ಕೈದು ಹನಿ ಬಿಡಬೇಕು. ಕೊಂಡಿಯ ಕಾಲುಗಳಿಗಾದರೋ ಬೀಗ ನೇರವಾಗಿ ನೇತಾಡುವಾಗಲೇ, ಕಾಲು ಮೈಯೊಳಗೆ ಇಳಿಯುವ ಎರಡೂ ಕಡೆ ಎರಡೆರಡು ಹನಿ ಸಾಕು, ಅದು ತಾನೇ ಕೆಳಗಿಳಿಯುತ್ತದೆ. ಬಳಿಕ ಬೀಗದ ಮೈಯ ಪಕ್ಕಕ್ಕೆ ಸುತ್ತಿಗೆಯ ಮರದ ಹಿಡಿಯಿಂದ ಹತ್ತಿಪ್ಪತ್ತು ಸಲ ಹಗುರವಾಗಿ ತಟ್ಟಬೇಕು. ಆ ಅದುರಿಗೆ ತುಕ್ಕಿನ ಪದರ ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಒಂದು ರಾತ್ರಿ ಹಾಗೆಯೇ ಬಿಡಬೇಕು. ಹತ್ತು ನಿಮಿಷಕ್ಕೊಮ್ಮೆ ತಿರುಗಿಸಿ ನೋಡಿದರೆ ಬೀಗದ ಕೈ ಸವೆಯುತ್ತದೆ ಅಷ್ಟೆ.

ನಮ್ಮ ಸದಸ್ಯರೊಬ್ಬರ ಶೆಡ್ಡಿನ ಏಳು ಲಿವರಿನ ಬೀಗವನ್ನು ಹೀಗೆಯೇ ತೆರೆದೆವು. ಬೀಗದ ಕೈ ಅರ್ಧಕ್ಕೇ ನಿಂತಿತ್ತು. ತೆಳುವಾದ ತಂತಿಯ ತುದಿಯನ್ನು ಚೂರು ಬಗ್ಗಿಸಿ ಕೆದಕಿದಾಗ ಒಣ ಮಣ್ಣು ಉದುರಿತು. ಮಣ್ಣು ಪೂರ್ತಿ ಉದುರುವ ತನಕ ಎಣ್ಣೆ ಬಿಡಲಿಲ್ಲ, ಬಿಟ್ಟಿದ್ದರೆ ಒಳಗೆ ಕೆಸರಾಗುತ್ತಿತ್ತು. ಸಂಜೆ ಎಣ್ಣೆ ಬಿಟ್ಟು ತಟ್ಟಿ ಬಂದೆವು. ಮರುದಿನ ಕೈ ಪೂರ್ತಿ ಒಳಗೆ ಹೋಯಿತು, ಆದರೆ ತಿರುಗಲಿಲ್ಲ. ಇನ್ನೊಮ್ಮೆ ಎಣ್ಣೆ ಕೊಟ್ಟೆವು. ಮೂರನೆಯ ದಿನ ಕೈ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಆಡತೊಡಗಿತು, ತೂತಿನಿಂದ ಕಂದು ಬಣ್ಣದ ಎಣ್ಣೆ ಇಳಿಯಿತು. ತುಕ್ಕು ಬಿಡುತ್ತಿದೆ ಎಂಬುದಕ್ಕೆ ಇವೇ ಗುರುತು. ಆದರೂ ಬೀಗ ತೆರೆಯದಿರಲು ಕಾರಣ ಬಾಗಿಲಿನಲ್ಲಿತ್ತು. ಮಳೆಗೆ ಹಿಗ್ಗಿದ ಮರದ ಬಾಗಿಲು ಚಿಲಕವನ್ನು ಎಳೆದು ಹಿಡಿದಿತ್ತು, ಆ ಎಳೆತವೆಲ್ಲ ಕೊಂಡಿಯ ಮೂಲಕ ಒಳಗಿನ ನಾಲಿಗೆಯ ಮೇಲೆ ಬೀಳುತ್ತಿತ್ತು. ಒಬ್ಬರು ಭುಜ ಕೊಟ್ಟು ಬಾಗಿಲನ್ನು ಒಳಕ್ಕೆ ಒತ್ತಿದರು, ಇನ್ನೊಬ್ಬರು ಕೊಂಡಿಯನ್ನು ಬೀಗದ ಮೈಯೊಳಕ್ಕೆ ಅದುಮಿ ಕೈ ತಿರುಗಿಸಿದರು. ತೆರೆಯಿತು. ಕೊಂಡಿಯನ್ನು ಹೊರಕ್ಕೆ ಜಗ್ಗುತ್ತಾ ಕೈ ತಿರುಗಿಸುವ ನಮ್ಮ ಅಭ್ಯಾಸ ತಲೆಕೆಳಗಾದದ್ದು. ಮೊದಲು ಒಳಕ್ಕೆ ಅದುಮಬೇಕು, ಕೈ ತಿರುಗಿದ ಮೇಲೆ ಎಳೆಯಬೇಕು.

ಬೀಗದ ಕೈಯನ್ನು ಎರಡು ಬೆರಳಿನ ಬಲದಿಂದ ಮಾತ್ರ ತಿರುಗಿಸತಕ್ಕದ್ದು. ಇಕ್ಕಳ ಹಾಕಿದರೆ ಕೈ ತಿರುಚಿಕೊಂಡು ಒಳಗೇ ಮುರಿಯುತ್ತದೆ. ಬೆಂಕಿ ತೋರಿಸುವ ಪದ್ಧತಿಯನ್ನೂ ಬಿಡಬೇಕು. ಆಗ ತಾನೇ ಎಣ್ಣೆ ಕುಡಿದ ಬೀಗ ಅದು, ಬಾಗಿಲಿನ ಹಿಂದೆ ಡೀಸೆಲ್ ಇರುತ್ತದೆ.

ಇನ್ನು ಗ್ರಾಫೈಟ್. ಪೆನ್ಸಿಲ್ ಕಡ್ಡಿಯಲ್ಲಿ ಜೇಡಿಯೊಡನೆ ಬೆರೆತಿರುವ ಕಪ್ಪು ಪುಡಿಯೇ ಇದು. ಗ್ರಾಫೈಟ್ ತುಕ್ಕನ್ನು ಬಿಡಿಸುವುದಿಲ್ಲ. ಆಡುತ್ತಿರುವ ಭಾಗಗಳನ್ನು ನುಣುಪಾಗಿಸುವುದಷ್ಟೇ ಅದರ ಕೆಲಸ. ಹಾಗಾಗಿ ಹಿಡಿದು ಕೂತ ಬೀಗಕ್ಕೆ ಅದನ್ನು ಊದಿ ಪ್ರಯೋಜನವಿಲ್ಲ, ಎಣ್ಣೆಯಿರುವ ಬೀಗಕ್ಕೆ ಊದಿದರೆ ಕಪ್ಪು ಅಂಟಾಗಿ ಲಿವರುಗಳನ್ನು ಮತ್ತೆ ಹಿಡಿಸುತ್ತದೆ. ಮನೆಯೊಳಗಿನ ಕಪಾಟು, ಪೆಟ್ಟಿಗೆಗಳ ಒಣ ಬೀಗಕ್ಕೆ ಅದು ಉತ್ತಮ. ಮೆತ್ತನೆಯ 6ಬಿ ಪೆನ್ಸಿಲನ್ನು ಬೀಗದ ಕೈಯ ಹಲ್ಲುಗಳಿಗೆ ಚೆನ್ನಾಗಿ ಉಜ್ಜಿ ನಾಲ್ಕು ಸಲ ತಿರುಗಿಸಿದರೂ ಸಾಕಾಗುತ್ತದೆ. ಮಳೆಗೆ ನೆನೆಯುವ ತೋಟದ ಬೀಗಕ್ಕೆ ನಾವು ಗ್ರಾಫೈಟನ್ನು ಹೇಳುವುದಿಲ್ಲ. ಅದು ನೀರನ್ನು ತಡೆಯದು, ಮೇಲಾಗಿ ನೀರಿನ ಪಸೆಯಲ್ಲಿ ಲೋಹಕ್ಕೆ ತಾಗಿ ಕೂತರೆ ತುಕ್ಕು ಹೆಚ್ಚುವುದೂ ಉಂಟು. ಅಂಥ ಬೀಗಕ್ಕೆ ಮೇ ಕೊನೆಯಲ್ಲಿ ಒಮ್ಮೆ, ಸಿಂಪರಣೆ ಮುಗಿದ ಮೇಲೆ ನೀರಲ್ಲಿ ತೊಳೆದು ಒಣಗಿಸಿ ಇನ್ನೊಮ್ಮೆ ತೆಳು ಎಣ್ಣೆ ಬಿಟ್ಟು, ಮೇಲೆ ಹಳೆಯ ಟ್ಯೂಬಿನ ರಬ್ಬರ್ ತುಂಡನ್ನು ಛತ್ರಿಯಂತೆ ಇಳಿಬಿಡುವುದು ಒಳ್ಳೆಯದು.

ಮೂರು ದಿನ ಮೂರು ಸಲ ಎಣ್ಣೆ ಕೊಟ್ಟರೂ ಬೀಗದ ಕೈ ಒಂದಿಷ್ಟೂ ಆಡದಿದ್ದರೆ, ಕೈ ತಿರುಚತೊಡಗಿದರೆ, ಅಥವಾ ಮುರಿದ ತುಂಡು ಒಳಗೆ ಆಳಕ್ಕೆ ಇಳಿದಿದ್ದರೆ ಕತ್ತರಿಸುವುದೇ ಸರಿ. ಹಾಗೂ ಹೀಗೂ ತೆರೆದರೂ ಆ ಬೀಗವನ್ನು ಮುಂದೆ ನಂಬುವಂತಿಲ್ಲ. ಪಾಲಿನ ಪಂಪಾದರೆ ಪಾಲುದಾರರನ್ನು ಕರೆದು, ಅವರ ಎದುರಿನಲ್ಲಿಯೇ ಕತ್ತರಿಸಬೇಕು. ಅಣ್ಣತಮ್ಮಂದಿರ ಪಂಪಾದರೂ ಅಷ್ಟೇ.

ಗರಗಸ ಹಾಕುವ ಮುಂಚೆ ಕೊಂಡಿಗೆ ಅರವನ್ನು ಒಮ್ಮೆ ಉಜ್ಜಿ ನೋಡಿ. ಅರ ಕಚ್ಚಿ ಗೀರು ಬಿದ್ದರೆ ಅದು ಮೆದು ಕಬ್ಬಿಣ, ಇಂಚಿಗೆ 24 ಹಲ್ಲಿನ ಹ್ಯಾಕ್ಸಾ ಬ್ಲೇಡು ಕತ್ತರಿಸುತ್ತದೆ. ಅರ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಕೊಂಡಿ ಹದಗೊಳಿಸಿದ ಉಕ್ಕಿನದು, ಅದಕ್ಕೆ ಬ್ಲೇಡು ಸವೆಸಬೇಡಿ. ಬೀಗ ತೂಗುವ ಕಬ್ಬಿಣದ ಬಳೆ ಸಾಮಾನ್ಯವಾಗಿ ಮೆದುವಾಗಿರುತ್ತದೆ, ಅದನ್ನೇ ಕತ್ತರಿಸಿ. ಹೊಸ ಬಳೆಗೆ ಹೆಚ್ಚು ಖರ್ಚಿಲ್ಲ. ಕೊಂಡಿಯನ್ನೇ ಕತ್ತರಿಸುವುದಾದರೆ ಒಂದು ಕಾಲನ್ನು ಬೀಗದ ಮೈಗೆ ಹತ್ತಿರ ಕೊಯ್ದು, ಕೊಂಡಿಯನ್ನು ಪಕ್ಕಕ್ಕೆ ತಿರುಗಿಸಿ ನೋಡಬೇಕು. ತುಕ್ಕಿನಿಂದಾಗಿ ತಿರುಗದಿದ್ದರೆ ಇನ್ನೊಂದು ಕಾಲನ್ನೂ ಕೊಯ್ಯಬೇಕಾಗುತ್ತದೆ.

ಕರೆಂಟಿನ ಕಟ್ಟಿಂಗ್ ಯಂತ್ರ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಸುವುದು ನಿಜ, ಆದರೆ ಅದರ ಕಿಡಿ ಬಹು ದೂರ ಹಾರುತ್ತದೆ. ಒಳಗೆ ಪೆಟ್ರೋಲ್ ಕ್ಯಾನು, ಗೋಣಿ ಅಥವಾ ಅಡಿಕೆ ಸಿಪ್ಪೆ ಇದ್ದರೆ ಕೈಗರಗಸವೇ ಲೇಸು. ಯಂತ್ರವನ್ನೇ ಹಿಡಿಯಬೇಕಾಗಿ ಬಂದರೆ ಬೀಗದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ದೂರ ಇಡಿ, ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿ, ಕಣ್ಣಿಗೆ ಕನ್ನಡಕ ಹಾಕಿ, ಒಂದು ಕೊಡ ನೀರು ಹತ್ತಿರವಿರಲಿ. ಕತ್ತರಿಸಿದ ತುಂಡು ಕೈ ಸುಡುವಷ್ಟು ಬಿಸಿಯಿರುತ್ತದೆ, ಅದನ್ನು ಇಕ್ಕಳದಿಂದಲೇ ತೆಗೆಯಿರಿ.